ಸೇಲ್‌ಗೆ ಎಷ್ಟು ಮಾಲು, ಎಷ್ಟು ರಿಯಾಯಿತಿ, ಎಷ್ಟು ಕೈ? 1,400 ಬೆಡ್‌ಶೀಟುಗಳ ಲೆಕ್ಕ

2014ರ ಅಕ್ಟೋಬರ್ 6ರಂದು ಬೆಂಗಳೂರಿನ ಫ್ಲಿಪ್‌ಕಾರ್ಟ್ ತನ್ನ ಮೊದಲ 'ಬಿಗ್ ಬಿಲಿಯನ್ ಡೇ' ನಡೆಸಿತು. ಹತ್ತು ಗಂಟೆಯಲ್ಲಿ ಸುಮಾರು 600 ಕೋಟಿ ರೂಪಾಯಿ ವಹಿವಾಟು ಆಯಿತೆಂದು ಕಂಪನಿ ಹೇಳಿಕೊಂಡಿತು. ಮರುದಿನವೇ ಸಂಸ್ಥಾಪಕರಾದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಗ್ರಾಹಕರ ಕ್ಷಮೆ ಕೇಳಿದರು. ಬೆಲೆಗಳು ಏರುಪೇರಾಗಿದ್ದವು, ಮಾಲು ಬೇಗ ಮುಗಿದಿತ್ತು, ಆರ್ಡರುಗಳು ರದ್ದಾಗಿದ್ದವು, ಜಾಲತಾಣ ಕೈಕೊಟ್ಟಿತ್ತು. ಈಗ ಜಾಲತಾಣಗಳು ಅಷ್ಟು ಸುಲಭವಾಗಿ ಕೈಕೊಡುವುದಿಲ್ಲ. ಉಳಿದ ಮೂರು ತೊಂದರೆಗಳು ಮಾತ್ರ ಪ್ರತಿ ದಸರಾ-ದೀಪಾವಳಿಗೂ ಒಂದಲ್ಲ ಒಂದು ಸಣ್ಣ ಮಾರಾಟಗಾರನ ಗೋದಾಮಿನಲ್ಲಿ ಮರುಕಳಿಸುತ್ತವೆ.

ಇದಕ್ಕೆ ಒಂದು ಕಾರಣ, ಮಾಲು, ರಿಯಾಯಿತಿ ಮತ್ತು ರವಾನೆಯ ಲೆಕ್ಕಗಳನ್ನು ಬೇರೆ ಬೇರೆಯಾಗಿ ಹಾಕುವುದು. ಬೆಲೆ ಎಷ್ಟು ಇಳಿಸಬೇಕೆಂದು ಮಾಲೀಕ ತೀರ್ಮಾನಿಸುತ್ತಾನೆ, ಎಷ್ಟು ಮಾಲು ತರಿಸಬೇಕೆಂದು ಸರಬರಾಜುದಾರನ ಜೊತೆ ಮಾತಾಗುತ್ತದೆ, ಪ್ಯಾಕಿಂಗ್ ಮಾಡುವವರನ್ನು ಕೊನೆಯ ವಾರದಲ್ಲಿ ಹುಡುಕುತ್ತಾರೆ. ನಿಜಕ್ಕೂ ಇವು ಒಂದೇ ಲೆಕ್ಕದ ಮೂರು ಸಾಲುಗಳು. ರಿಯಾಯಿತಿ ಹೆಚ್ಚಿದಷ್ಟೂ ಗಿಟ್ಟಬೇಕಾದರೆ ಹೆಚ್ಚು ಆರ್ಡರ್ ಬೇಕು, ಹೆಚ್ಚು ಆರ್ಡರಿಗೆ ಹೆಚ್ಚು ಕೈ ಬೇಕು. ಕೈ ಸಾಲದಿದ್ದರೆ ತರಿಸಿದ ಮಾಲೂ ಕೊಟ್ಟ ರಿಯಾಯಿತಿಯೂ ವ್ಯರ್ಥ. ಒಂದು ಉದಾಹರಣೆಯನ್ನು ತುದಿಯಿಂದ ತುದಿಯವರೆಗೆ ಬಿಡಿಸಿ ನೋಡೋಣ.

ಉದಾಹರಣೆ

ಬೆಂಗಳೂರಿನಲ್ಲಿ ಸಣ್ಣ ಗೋದಾಮಿಟ್ಟುಕೊಂಡು, ತಮಿಳುನಾಡಿನ ಕರೂರಿನಿಂದ ಹತ್ತಿಯ ಡಬಲ್ ಬೆಡ್‌ಶೀಟ್ ತರಿಸಿ ಆನ್‌ಲೈನ್‌ನಲ್ಲಿ ಮಾರುವವರೊಬ್ಬರು ಎಂದುಕೊಳ್ಳಿ. ಒಂದು ಶೀಟು, ಎರಡು ದಿಂಬಿನ ಕವರ್, ಹತ್ತು ಡಿಸೈನ್, ಎಲ್ಲಕ್ಕೂ ಒಂದೇ ಬೆಲೆ ₹799. ದಿನಕ್ಕೆ 40 ಪೀಸು ಮಾರಾಟವಾಗಿ ಗ್ರಾಹಕರ ಕೈಯಲ್ಲಿ ಉಳಿಯುತ್ತವೆ. ಸೇಲ್ ಎಂಟು ದಿನ. ಇಲ್ಲಿನ ಅಸಲು, ಕಮಿಷನ್, ಸಾಗಣೆಯ ಮೊತ್ತಗಳು ಉದಾಹರಣೆಗಾಗಿ ಹಾಕಿಕೊಂಡವು. ನಿಮ್ಮ ಡ್ಯಾಶ್‌ಬೋರ್ಡಿನ ಅಂಕಿಗಳನ್ನು ಅದೇ ಜಾಗದಲ್ಲಿ ಕೂರಿಸಿದರೆ ನಿಮ್ಮ ಲೆಕ್ಕ ಬರುತ್ತದೆ.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. ಅದರ ಮರುದಿನವೇ ಫ್ಲಿಪ್‌ಕಾರ್ಟ್ ಮತ್ತು ಅಮೆಜಾನ್ ಎರಡರ ಹಬ್ಬದ ಸೇಲ್ ಶುರುವಾಯಿತು. ಬೆಡ್‌ಶೀಟಿನಂಥ ಸಿದ್ಧ ಜವಳಿಗೆ ಪೀಸಿಗೆ ₹2,500ರವರೆಗೆ ಈಗ ಶೇ 5 ತೆರಿಗೆ. ಹಿಂದೆ ಈ ಶೇ 5ರ ದರ ₹1,000ರವರೆಗೆ ಮಾತ್ರ ಇತ್ತು. ನಮ್ಮ ₹799ರ ಶೀಟು ಎರಡೂ ಕಾಲದಲ್ಲಿ ಶೇ 5ರಲ್ಲೇ ಇರುವುದರಿಂದ ಇಲ್ಲಿ ತೆರಿಗೆಯ ಗೊಂದಲವಿಲ್ಲ.

ರಿಯಾಯಿತಿ ಯಾರ ಜೇಬಿನಿಂದ?

ಗ್ರಾಹಕರ ಪರದೆಯಲ್ಲಿ ಕಾಣುವ ರಿಯಾಯಿತಿಯಲ್ಲಿ ಸಾಮಾನ್ಯವಾಗಿ ಮೂರು ಜೇಬುಗಳಿರುತ್ತವೆ. ಮೊದಲನೆಯದು ಮಾರಾಟಗಾರರದು. ಬೆಲೆಯನ್ನೇ ₹799ರಿಂದ ₹699ಕ್ಕೆ ಇಳಿಸುವುದು ಅಥವಾ ಕೂಪನ್ ಕೊಡುವುದು ಇದರಲ್ಲಿ ಬರುತ್ತದೆ. ಎರಡನೆಯದು ಬ್ಯಾಂಕಿನ ಕಾರ್ಡ್ ಕೊಡುಗೆ. 'ತಕ್ಷಣ ಶೇ 10 ಕಡಿತ' ಎಂಬುದು ಬ್ಯಾಂಕ್ ಮತ್ತು ಮಾರುಕಟ್ಟೆ ತಾಣದ ನಡುವಿನ ಒಪ್ಪಂದ. ಗ್ರಾಹಕರು ಅದರಿಂದ ಕಡಿಮೆ ಕೊಟ್ಟರೂ ನಿಮ್ಮ ಲೆಕ್ಕ ₹699ರ ಮೇಲೆಯೇ ನಡೆಯುತ್ತದೆ. ಮೂರನೆಯದು ಮಾರುಕಟ್ಟೆ ತಾಣದ್ದು. ವಿದೇಶಿ ಬಂಡವಾಳವಿರುವ ತಾಣಗಳು ಸರಕಿನ ಬೆಲೆಯ ಮೇಲೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪ್ರಭಾವ ಬೀರುವಂತಿಲ್ಲ ಎಂದು ಕೇಂದ್ರ ಸರ್ಕಾರ 2018ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಅದು 2019ರ ಫೆಬ್ರುವರಿ 1ರಿಂದ ಜಾರಿಯಲ್ಲಿದೆ. ಹಾಗಾಗಿ ತಾಣದ ನೆರವು ಎಷ್ಟೋ ಸಲ ಬೆಲೆಯಲ್ಲಿ ಕಾಣಿಸುವುದಿಲ್ಲ, ಕಮಿಷನ್ ಇಳಿಕೆಯಾಗಿ ಅಥವಾ ಶುಲ್ಕದ ವಿನಾಯಿತಿಯಾಗಿ ಬರುತ್ತದೆ.

'ನಾವೂ ಸ್ವಲ್ಪ ಭರಿಸುತ್ತೇವೆ' ಎಂದು ಖಾತೆ ವ್ಯವಸ್ಥಾಪಕರು ಫೋನಿನಲ್ಲಿ ಹೇಳಿದರೆ ಸಾಲದು. ಎಷ್ಟು, ಯಾವ ದಿನದಿಂದ ಯಾವ ದಿನದವರೆಗೆ, ಯಾವ ಡಿಸೈನಿಗೆ, ಕಮಿಷನ್ನಿನಲ್ಲೇ ಕಡಿತವೋ ಆಮೇಲೆ ಕ್ರೆಡಿಟ್ ನೋಟೋ ಎಂಬುದೆಲ್ಲ ಬರಹದಲ್ಲಿ ಬೇಕು. ತೆರಿಗೆಗೂ ಇದು ಮುಖ್ಯ. ಬಿಲ್ಲಿನಲ್ಲೇ ತೋರಿಸಿದ ರಿಯಾಯಿತಿ ತೆರಿಗೆ ಕಟ್ಟಬೇಕಾದ ಮೌಲ್ಯದಿಂದ ಕಳೆದುಹೋಗುತ್ತದೆ. ಬೆಲೆಯ ಒಂದು ಭಾಗವನ್ನು ಬೇರೊಬ್ಬರು ನಿಮಗೆ ತುಂಬಿಕೊಟ್ಟರೆ ಆ ಲೆಕ್ಕ ಬೇರೆ. ಸೇಲ್‌ಗೆ ಮುಂಚೆಯೇ ನಿಮ್ಮ ತೆರಿಗೆ ಸಲಹೆಗಾರರ ಹತ್ತಿರ ಇದನ್ನು ಇತ್ಯರ್ಥ ಮಾಡಿಕೊಳ್ಳಿ.

ಈಗ ಪೀಸಿನ ಲೆಕ್ಕ. ಇದು ಗ್ರಾಹಕರು ಇಟ್ಟುಕೊಂಡ ಒಂದು ಶೀಟಿನದು. ವಾಪಸ್ ಬಂದವುಗಳ ಖರ್ಚನ್ನೂ ಇದರ ಮೇಲೆಯೇ ಹಂಚಿದೆ. ಶುಲ್ಕಗಳ ಮೇಲಿನ ಶೇ 18 ಜಿಎಸ್‌ಟಿ ಹೂಡುವಳಿ ತೆರಿಗೆ ಜಮೆಯಾಗಿ ಮರಳುವುದರಿಂದ ಅದನ್ನು ಸೇರಿಸಿಲ್ಲ.

| ಬಾಬ್ತು (ರೂ.) | 799ಕ್ಕೆ | 699ಕ್ಕೆ | 649ಕ್ಕೆ |
|---|---|---|---|
| ಜಿಎಸ್‌ಟಿ ಕಳೆದ ಬೆಲೆ | 761 | 666 | 618 |
| ಅಸಲು | 380 | 380 | 380 |
| ಕಮಿಷನ್ (ಶೇ 10) | 80 | 70 | 65 |
| ಸಾಗಣೆ, ನಿಗದಿತ ಶುಲ್ಕ | 100 | 100 | 100 |
| ಜಾಹೀರಾತು | 25 | 35 | 35 |
| ಪ್ಯಾಕಿಂಗ್, ಕೂಲಿ | 20 | 26 | 26 |
| ರಿಟರ್ನ್ ಖರ್ಚು | 15 | 20 | 20 |
| ಉಳಿಯುವುದು | 141 | 35 | −8 |

ನೂರು ರೂಪಾಯಿ ಇಳಿಸಿದರೆ ನೂರೇ ಹೋಗುತ್ತದೆ ಎಂದುಕೊಳ್ಳುವವರು ಎರಡು ಮತ್ತು ಮೂರನೇ ಕಾಲಂ ನೋಡಬೇಕು. ₹100 ಇಳಿಸಿದಾಗ ಮಾರಾಟಗಾರರಿಗೆ ನಿಜವಾಗಿ ಕಡಿಮೆಯಾಗುವುದು ₹95, ಉಳಿದ ₹5 ತೆರಿಗೆಯದು. ಕಮಿಷನ್ನೂ ₹10 ಇಳಿಯುತ್ತದೆ. ಇಲ್ಲಿಯವರೆಗೆ ಒಳ್ಳೆಯದೇ. ಆದರೆ ಸೇಲ್ ದಿನಗಳಲ್ಲಿ ಜಾಹೀರಾತಿನ ಕ್ಲಿಕ್ ದುಬಾರಿ, ಹೆಚ್ಚುವರಿ ಕೂಲಿ, ಆತುರದಲ್ಲಿ ಕೊಂಡು ವಾಪಸ್ ಕಳಿಸುವವರು ಹೆಚ್ಚು. ಆ ಮೂರರಿಂದ ಇನ್ನೊಂದು ₹21 ಹೋಗುತ್ತದೆ. ಒಟ್ಟು ಲಾಭದಿಂದ ಕರಗುವುದು ₹106. ₹649ಕ್ಕೆ ಇಳಿಸಿದರಂತೂ ಪ್ರತಿ ಪೀಸಿಗೆ ₹8 ಕೈಯಿಂದ ಹಾಕಬೇಕು. ತಾಣ ಕಮಿಷನ್ನನ್ನು ಶೇ 10ರಿಂದ 7ಕ್ಕೆ ಇಳಿಸಿಕೊಟ್ಟರೂ ಸಿಗುವುದು ₹12 ಮಾತ್ರ.

ಎಷ್ಟು ಮಾರಿದರೆ ಗಿಟ್ಟುತ್ತದೆ?

ಸಾಮಾನ್ಯ ದಿನದಲ್ಲಿ 40 ಪೀಸಿಗೆ ₹141ರಂತೆ ₹5,640 ಉಳಿಯುತ್ತದೆ. ಎಂಟು ದಿನಕ್ಕೆ ₹45,120. ₹699ರ ಬೆಲೆಯಲ್ಲಿ ಅದೇ ಹಣ ಬರಬೇಕಾದರೆ ದಿನಕ್ಕೆ 160ರ ಆಸುಪಾಸು, ಅಂದರೆ ನಾಲ್ಕು ಪಟ್ಟು ಪೀಸು ಗ್ರಾಹಕರ ಮನೆಯಲ್ಲಿ ಉಳಿಯಬೇಕು. ಶೇ 10 ವಾಪಸ್ ಬರುತ್ತದೆಂದರೆ ಎಂಟು ದಿನಕ್ಕೆ ಸುಮಾರು 1,400 ಆರ್ಡರ್ ಕಳಿಸಬೇಕು. 140 ಮರಳಿ ಬಂದು 1,260 ಉಳಿದರೆ ಕೈಗೆ ಬರುವುದು ₹44,100.

1,400 ಆರ್ಡರ್ ಹೊಡೆದು ಮಾಮೂಲಿ ಎಂಟು ದಿನಕ್ಕಿಂತ ಸಾವಿರ ರೂಪಾಯಿ ಕಡಿಮೆಯೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಹೋಲಿಕೆ ಮಾಮೂಲಿ ದಿನದ ಜೊತೆ ಆಗಬಾರದು. ಎಲ್ಲರೂ ಬೆಲೆ ಇಳಿಸಿದ ವಾರದಲ್ಲಿ ₹799ಕ್ಕೇ ನಿಂತವರಿಗೆ 40 ಆರ್ಡರ್ ಬರುವುದಿಲ್ಲ. ಅವು ದಿನಕ್ಕೆ 15ಕ್ಕೆ ಕುಸಿದರೆ ಎಂಟು ದಿನದ ಲಾಭ ₹16,920. ಸೇಲ್‌ನಲ್ಲಿ ಸೇರಿದರೆ ₹44,100, ಸೇರದಿದ್ದರೆ ₹16,920: ತೂಗಬೇಕಾದ್ದು ಈ ಎರಡನ್ನು. ₹699ರಲ್ಲಿ ಸೇರುವುದು ಗಿಟ್ಟುತ್ತದೆ.

₹649ರ ಕಥೆ ಬೇರೆ. ಕಮಿಷನ್ ಇಳಿದು ಪೀಸಿಗೆ ₹12 ಉಳಿದರೂ ಅದೇ ₹5,640ಕ್ಕೆ ದಿನಕ್ಕೆ 470 ಪೀಸು ಬೇಕು, ಮಾಮೂಲಿನ ಸುಮಾರು ಹನ್ನೆರಡು ಪಟ್ಟು. ರಿಟರ್ನ್ ಸೇರಿಸಿದರೆ ಎಂಟು ದಿನಕ್ಕೆ ಸುಮಾರು 4,180 ಆರ್ಡರ್. ಅಷ್ಟು ಬೇಡಿಕೆ ಬಂದೇ ಬರುತ್ತದೆ ಎಂದಿಟ್ಟುಕೊಂಡರೂ ಅದನ್ನು ಕಳಿಸಲು ಸಾಧ್ಯವೇ ಎಂಬುದು ಮುಂದಿನ ಪ್ರಶ್ನೆ.

ಪ್ಯಾಕಿಂಗ್ ಮೇಜಿನ ಮಿತಿ

ರವಾನೆಯ ಸಾಮರ್ಥ್ಯವನ್ನು ಅಂದಾಜಿನಿಂದ ಹೇಳಬಾರದು, ಗಡಿಯಾರ ಹಿಡಿದು ಅಳೆಯಬೇಕು. ಲೇಬಲ್ ಮುದ್ರಿಸಿ, ಡಿಸೈನಿನ ಸಂಖ್ಯೆ ನೋಡಿ ಕಪಾಟಿನಿಂದ ಶೀಟು ತೆಗೆದು, ಹೊಲಿಗೆ-ಕಲೆ ನೋಡಿ, ಕೊರಿಯರ್ ಚೀಲಕ್ಕೆ ತುಂಬಿ, ಬಾಯಿ ಅಂಟಿಸಿ, ಲೇಬಲ್ ಹಚ್ಚಿ, ಸ್ಕ್ಯಾನ್ ಮಾಡಿ ರಾಶಿಗೆ ಹಾಕಲು ನುರಿತ ಕೈಗೆ ನಾಲ್ಕು ನಿಮಿಷ ಹಿಡಿಯಿತು ಎನ್ನಿ. ಗಂಟೆಗೆ 15. ಊಟ, ಟೀ, ಲೋಡಿಂಗ್ ಕಳೆದು ದಿನಕ್ಕೆ ಏಳು ಗಂಟೆ ನಿಜವಾದ ಕೆಲಸ ನಡೆದರೆ ಒಬ್ಬರಿಗೆ 105, ಇಬ್ಬರಿಗೆ 210.

1,400 ಆರ್ಡರನ್ನು ಎಂಟರಿಂದ ಭಾಗಿಸಿದರೆ ದಿನಕ್ಕೆ 175. ಇಬ್ಬರು ಧಾರಾಳ ಸಾಕು ಎಂದು ಕಾಣುತ್ತದೆ. ಮೋಸ ಹೋಗುವುದು ಇಲ್ಲೇ. ಸೇಲ್‌ನ ಆರ್ಡರುಗಳು ಸಮನಾಗಿ ಹಂಚಿಕೊಂಡು ಬರುವುದಿಲ್ಲ. ಮಧ್ಯರಾತ್ರಿ ಬೆಲೆ ಬದಲಾದ ಕೂಡಲೇ ಕಾಯುತ್ತಿದ್ದವರೆಲ್ಲ ಮುಗಿಬೀಳುತ್ತಾರೆ, ನಡುವೆ ಇಳಿಮುಖ, ಕೊನೆಯ ದಿನ ಮತ್ತೆ ಸ್ವಲ್ಪ ಏರಿಕೆ. ಮೊದಲ ದಿನ ಒಟ್ಟಿನ ಕಾಲು ಭಾಗ, ಎರಡನೇ ದಿನ ಶೇ 18, ಮೂರನೇ ದಿನ ಶೇ 12, ನಾಲ್ಕನೇ ದಿನ ಶೇ 9 ಎಂದು ಹಿಡಿದರೆ ಆರ್ಡರುಗಳು 350, 252, 168, 126 ಹೀಗೆ ಬರುತ್ತವೆ.

ಇಬ್ಬರೇ ಇದ್ದರೆ ಮೊದಲ ದಿನ 140 ಪೊಟ್ಟಣ ಉಳಿಯುತ್ತವೆ. ಎರಡನೇ ದಿನದ 252 ಸೇರಿ 392 ಆಗುತ್ತದೆ, 210 ಹೋಗಿ 182 ಉಳಿಯುತ್ತದೆ. ಮೂರನೇ ದಿನ 140, ನಾಲ್ಕನೇ ದಿನ 56. ಬಾಕಿ ತೀರುವುದು ಐದನೇ ದಿನಕ್ಕೆ. ಅಷ್ಟರಲ್ಲಿ ತಡವಾದ ರವಾನೆಯ ಗುರುತು ಖಾತೆಗೆ ಬಿದ್ದಿರುತ್ತದೆ, ಕೆಲವು ಆರ್ಡರುಗಳನ್ನು ಗ್ರಾಹಕರೇ ರದ್ದು ಮಾಡಿರುತ್ತಾರೆ, ಹುಡುಕಾಟದಲ್ಲಿ ನಿಮ್ಮ ಸರಕು ಕೆಳಗಿಳಿದಿರುತ್ತದೆ. ಎಂಟು ದಿನದ ಸೇಲ್‌ನಲ್ಲಿ ನಿಮ್ಮ ಅಳವು ಪರೀಕ್ಷೆಯಾಗುವುದು ಮೊದಲ ಎರಡು ದಿನ ಮಾತ್ರ.

ಪರಿಹಾರ ಎರಡು. ಒಂದು, ಮೂರನೆಯವರನ್ನು ಸೇರಿಸಿಕೊಳ್ಳುವುದು. ದಿನಕ್ಕೆ 315 ಆಗುತ್ತದೆ, ಮೊದಲ ದಿನ 35 ಉಳಿದು ಎರಡನೇ ದಿನವೇ ತೀರುತ್ತದೆ. ಆದರೆ ಸೇಲ್‌ನ ದಿನವೇ ಬಂದ ಹೊಸಬರ ಕೈಗೆ ಗಂಟೆಗೆ 15 ಬರುವುದಿಲ್ಲ, ಜೊತೆಗೆ ನೀಲಿ ಶೀಟಿಗೆ ಹಸಿರಿನ ಲೇಬಲ್ ಬೀಳುತ್ತದೆ. ಅಂಥ ಒಂದು ತಪ್ಪು ಎರಡು ಕಡೆಯ ಸಾಗಣೆಯನ್ನೂ ತಿನ್ನುತ್ತದೆ. ಎರಡನೆಯದು, ಮುಂಚಿತ ಪ್ಯಾಕಿಂಗ್. ಹತ್ತು ಡಿಸೈನಿನಲ್ಲಿ ಮೂರು ಡಿಸೈನುಗಳೇ ಅರ್ಧ ಮಾರಾಟ ಕೊಡುತ್ತವೆ ಎಂದಿಟ್ಟುಕೊಳ್ಳಿ. ಆ 700 ಪೀಸುಗಳನ್ನು ಸೇಲ್‌ನ ಹಿಂದಿನ ವಾರವೇ ಪರೀಕ್ಷಿಸಿ ಚೀಲಕ್ಕೆ ತುಂಬಿ, ಹೊರಗೆ ಡಿಸೈನ್ ಸಂಖ್ಯೆಯ ಸ್ಟಿಕ್ಕರ್ ಹಚ್ಚಿಟ್ಟರೆ ಆಮೇಲೆ ಲೇಬಲ್ ಹಚ್ಚಿ ಸ್ಕ್ಯಾನ್ ಮಾಡುವುದಷ್ಟೇ ಉಳಿಯುತ್ತದೆ. ಅದಕ್ಕೆ ಒಂದೂವರೆ ನಿಮಿಷ ಸಾಕು. ಅರ್ಧ ಆರ್ಡರಿಗೆ ಒಂದೂವರೆ, ಉಳಿದರ್ಧಕ್ಕೆ ನಾಲ್ಕು ನಿಮಿಷವಾದರೆ ಸರಾಸರಿ ಎರಡೂಮುಕ್ಕಾಲು. ಒಬ್ಬರಿಗೆ ದಿನಕ್ಕೆ 152, ಇಬ್ಬರಿಗೆ 300 ದಾಟುತ್ತದೆ. ಮೊದಲ ದಿನ ಸುಮಾರು 45 ಉಳಿದು ಎರಡನೇ ದಿನ ಸಂಜೆಗೆ ಮೇಜು ಖಾಲಿ. ಇದಕ್ಕೆ ಮುಂಚೆ ಹಿಡಿಯುವ ಕೆಲಸ ಸುಮಾರು 29 ಗಂಟೆ, ಅಂದರೆ ಇಬ್ಬರಿಗೆ ಎರಡು ದಿನ. ಉಳಿಯುವ ಆ 45ಕ್ಕೆ ಮೂರನೆಯವರೊಬ್ಬರನ್ನು ಎರಡು ದಿನ ಮುಂಚೆಯೇ ಕರೆಸಿ ಪಳಗಿಸಿಕೊಂಡರೆ ನೆಮ್ಮದಿ.

₹649ರ ಪ್ರಶ್ನೆಗೆ ಉತ್ತರವೂ ಇಲ್ಲೇ ಸಿಗುತ್ತದೆ. 4,180 ಆರ್ಡರಿನ ಕಾಲು ಭಾಗವೆಂದರೆ ಮೊದಲ ದಿನ 1,045. ಮುಂಚಿತ ಪ್ಯಾಕಿಂಗ್ ಮಾಡಿದರೂ ಏಳು ಜನ ಬೇಕು. ಅವರು ನಿಲ್ಲುವ ಮೇಜು, ಲೇಬಲ್ ಮುದ್ರಕ, ಪೊಟ್ಟಣ ಪೇರಿಸುವ ಜಾಗ ಯಾವುದೂ ಸಣ್ಣ ಗೋದಾಮಿನಲ್ಲಿರುವುದಿಲ್ಲ. ಆ ಬೆಲೆಯನ್ನು ಕೈಬಿಡಲು ಲಾಭದ ಲೆಕ್ಕ ಒಂದು ಕಾರಣವಾದರೆ, ಈ ಏಳು ಜನ ಇನ್ನೊಂದು ಕಾರಣ.

ಪೊಟ್ಟಣದ ಗಾತ್ರವನ್ನು ಟೇಪಿನಿಂದ ಅಳೆಯುವುದನ್ನೂ ಮರೆಯಬಾರದು. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿ ಬರುವ ಗಾತ್ರ-ತೂಕವನ್ನು ಸಾಗಣೆಯವರು ನಿಜ ತೂಕದ ಜೊತೆ ಹೋಲಿಸಿ, ಹೆಚ್ಚಿರುವುದಕ್ಕೆ ದರ ಹಾಕುವುದು ವಾಡಿಕೆ. 1.2 ಕೆ.ಜಿ.ಯ ಶೀಟನ್ನು ಸಡಿಲವಾಗಿ ಮಡಚಿ 38×30×8ರ ಚೀಲವಾದರೆ ಲೆಕ್ಕಕ್ಕೆ 1.82 ಕೆ.ಜಿ. ಬಿಗಿಯಾಗಿ ಮಡಚಿ 36×28×6 ಮಾಡಿದರೆ 1.21 ಕೆ.ಜಿ. ಅರ್ಧ ಕಿಲೋ ಹಂತದ ದರಪಟ್ಟಿಯಲ್ಲಿ ಮೊದಲನೆಯದು ಎರಡು ಕಿಲೋ ಹಂತಕ್ಕೆ, ಎರಡನೆಯದು ಒಂದೂವರೆ ಕಿಲೋ ಹಂತಕ್ಕೆ ಬೀಳುತ್ತದೆ. ಲಾಭವೇ ₹35 ಇರುವಾಗ ಸಡಿಲ ಮಡಿಕೆಯೊಂದು ಅದರ ದೊಡ್ಡ ಪಾಲನ್ನು ನುಂಗಬಲ್ಲದು. ಜೊತೆಗೆ ಬಿಗಿಯಾದ 300 ಪೊಟ್ಟಣ ಎರಡು ಘನ ಮೀಟರಿಗಿಂತ ಕಡಿಮೆ ಜಾಗ ಹಿಡಿದರೆ, ಸಡಿಲವಾದವು ಮೂರರ ಹತ್ತಿರ ಹೋಗುತ್ತವೆ. ಸೇಲ್ ದಿನಗಳಲ್ಲಿ ಪಿಕಪ್ ವಾಹನ ಬೇರೆ ಮಾರಾಟಗಾರರ ಮಾಲು ಹೊತ್ತು ಅರ್ಧ ತುಂಬಿಯೇ ಬರುತ್ತದೆ. ಮೊದಲ ಎರಡು ದಿನಕ್ಕೆ ಎರಡನೇ ಪಿಕಪ್ ಬೇಕೆಂದು ಹಿಂದಿನ ವಾರವೇ ಕೇಳಿಟ್ಟುಕೊಳ್ಳಿ.

ಕರೂರಿಗೆ ಎಷ್ಟು ಆರ್ಡರ್ ಹಾಕಬೇಕು?

ಈಗ ಮಾಲಿನ ಲೆಕ್ಕ ಹಾಕುವುದು ಸುಲಭ. ಸೇಲ್‌ಗೆ 1,400 ಪೀಸು. ರಿಟರ್ನ್ 140 ಬರುವುದು ಸೇಲ್ ಮುಗಿದ ಮೇಲೆ, ಹಾಗಾಗಿ ಅವನ್ನು ನಂಬಿ 1,400ರಲ್ಲಿ ಕಡಿತ ಮಾಡುವಂತಿಲ್ಲ. ಸೇಲ್‌ನ ನಂತರ ಎರಡು ವಾರ ಮಾರಾಟ ಮಂಕಾಗುತ್ತದೆ. ದಿನಕ್ಕೆ 20ರಂತೆ 15 ದಿನಕ್ಕೆ 300 ಬೇಕು, ಅದರಲ್ಲಿ ಮರಳಿ ಬಂದ ಒಳ್ಳೆಯ ಪೀಸು 100 ಸಿಗುತ್ತದೆ. ಒಟ್ಟು ಬೇಕಾದ್ದು 1,600. ಸೇಲ್ ಆರಂಭದ ಹೊತ್ತಿಗೆ ಗೋದಾಮಿನಲ್ಲಿ 400 ಇರುತ್ತದೆಂದರೆ ತರಿಸಬೇಕಾದ್ದು 1,200.

ಇದಕ್ಕೆ ಅಸಲು ₹4,56,000, ಶೇ 5 ಜಿಎಸ್‌ಟಿ ₹22,800, ಒಟ್ಟು ₹4,78,800. ₹50,000 ದಾಟಿದ ಮಾಲಾದ್ದರಿಂದ ಇ-ವೇ ಬಿಲ್ ಬೇಕು. ಸರಬರಾಜುದಾರರು ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉತ್ಪಾದಕರಾಗಿದ್ದರೆ ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ ಹಣ ಕೊಡಬೇಕು, ಒಪ್ಪಂದವಿಲ್ಲದಿದ್ದರೆ 15 ದಿನ. ತಾಣದಿಂದ ನಿಮಗೆ ಹಣ ಬರುವುದು ಸರಕು ತಲುಪಿದ ಮೇಲೆ, ಅದೂ ಶೇ 0.5 ಜಿಎಸ್‌ಟಿ ಟಿಸಿಎಸ್ ಮತ್ತು ಶೇ 0.1 ಆದಾಯ ತೆರಿಗೆ ಟಿಡಿಎಸ್ ಹಿಡಿದುಕೊಂಡು. ಅವೆರಡೂ ಆಮೇಲೆ ನಿಮ್ಮ ಲೆಕ್ಕಕ್ಕೆ ಜಮೆಯಾಗುತ್ತವೆ, ಆದರೆ ಹಬ್ಬದ ತಿಂಗಳಲ್ಲಿ ಕೈಯಲ್ಲಿರುವುದಿಲ್ಲ.

1,400 ಎಂಬುದು ನಡು ಅಂದಾಜು. 900ಕ್ಕೂ ನಿಲ್ಲಬಹುದು, 2,000ಕ್ಕೂ ಹೋಗಬಹುದು. ಯಾವ ಕಡೆ ವಾಲಬೇಕು? ಒಂದು ಪೀಸು ಕಡಿಮೆಯಾದರೆ ಕಳೆದುಕೊಳ್ಳುವುದು ₹35. ಒಂದು ಪೀಸು ಮಿಕ್ಕಿದರೆ ₹380 ಮೂರು ತಿಂಗಳು ಸಿಕ್ಕಿಕೊಳ್ಳುತ್ತದೆ. ವರ್ಷಕ್ಕೆ ಶೇ 18ರ ಬಡ್ಡಿಯಂತೆ ₹17, ಜಾಗದ ಖರ್ಚು ₹8, ಒಟ್ಟು ₹25. ಕಡಿಮೆಯಾದಾಗಿನ ನಷ್ಟ ದೊಡ್ಡದಾದ್ದರಿಂದ ನಡು ಅಂದಾಜಿಗಿಂತ ಸ್ವಲ್ಪ ಮೇಲೆ ನಿಲ್ಲಬಹುದು. ಇಳಿದ ಕಮಿಷನ್ನಿನಲ್ಲಿ ₹649ಕ್ಕೆ ಮಾರಿದರೆ ಈ ತಕ್ಕಡಿ ತಿರುಗುತ್ತದೆ: ಕಳೆದುಕೊಳ್ಳುವುದು ₹12, ಮಿಕ್ಕರೆ ಹೋಗುವುದು ಅದೇ ₹25. ಆಗ ನಡು ಅಂದಾಜಿಗಿಂತ ಕೆಳಗೇ ನಿಲ್ಲಬೇಕು. ರಿಯಾಯಿತಿ ದೊಡ್ಡದು ಮಾಡಿದವರು ಮಾಲನ್ನೂ ರಾಶಿ ಹಾಕುವುದು ಸಾಮಾನ್ಯ. ಲೆಕ್ಕ ಹೇಳುವುದು ಅದಕ್ಕೆ ತದ್ವಿರುದ್ಧ. ದೀಪಾವಳಿಯ ಹಣತೆ ಚಿತ್ರದ ಶೀಟಾದರೆ ಹಬ್ಬದ ನಂತರ ಅದನ್ನು ಅಸಲಿಗಿಂತ ಕಡಿಮೆಗೆ ತಳ್ಳಬೇಕಾಗುತ್ತದೆ, ಅಲ್ಲಿ ಇನ್ನೂ ಕೈ ಬಿಗಿ ಹಿಡಿಯಬೇಕು.

1,200ನ್ನು ಹತ್ತು ಡಿಸೈನಿಗೂ ಸಮನಾಗಿ ಹಂಚಬೇಡಿ. ಕಳೆದ ಎರಡು ತಿಂಗಳ ಮಾರಾಟದ ಪ್ರಮಾಣದಲ್ಲಿ ಹಂಚಿ, ಕೊನೆಯ ಮೂರು-ನಾಲ್ಕು ಡಿಸೈನುಗಳನ್ನು ಸೇಲ್‌ನಿಂದಲೇ ಹೊರಗಿಡಿ. ಎರಡು ತಾಣಗಳಲ್ಲಿ ಮಾರುವವರು ಒಂದೇ 500 ಪೀಸನ್ನು ಎರಡೂ ಕಡೆ 500 ಎಂದು ತೋರಿಸಬಾರದು. ಸೇಲ್‌ನ ಮೊದಲ ಗಂಟೆಗಳಲ್ಲಿ ಎರಡೂ ಕಡೆ ಮಾರಿಹೋಗಿ, ಒಂದು ಕಡೆ ನೀವೇ ರದ್ದು ಮಾಡಬೇಕಾಗುತ್ತದೆ. 300, 200 ಎಂದು ಒಡೆದು ತೋರಿಸುವುದು ಕ್ಷೇಮ.

ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ

ಲೆಕ್ಕ ತಪ್ಪಿದೆಯೇ ಎಂದು ತಿಳಿಯಲು ಮೊದಲ ದಿನ ಮಧ್ಯಾಹ್ನ 12ಕ್ಕೆ ಮೂರು ಸಂಖ್ಯೆ ನೋಡಿ. ಬಂದ ಆರ್ಡರ್ ಎಷ್ಟು, ಲೇಬಲ್ ಮುದ್ರಿಸಿಯೂ ಪ್ಯಾಕ್ ಆಗದವು ಎಷ್ಟು, ಜಾಹೀರಾತಿನ ದಿನದ ಬಜೆಟ್ಟಿನಲ್ಲಿ ಖರ್ಚಾದ್ದು ಎಷ್ಟು. ದಿನವಿಡೀ 350 ಎಂದುಕೊಂಡಿದ್ದು ಮಧ್ಯಾಹ್ನಕ್ಕೇ 300 ಬಂದಿದ್ದರೆ ಮೊದಲು ಜಾಹೀರಾತು ನಿಲ್ಲಿಸಿ; ತಾನಾಗಿ ಬರುವ ಆರ್ಡರಿಗೆ ದುಡ್ಡು ಕೊಡುವ ಅಗತ್ಯವಿಲ್ಲ. ಆಮೇಲೂ ತಡೆಯಲಾಗದಿದ್ದರೆ ನಿಧಾನಕ್ಕೆ ಪ್ಯಾಕ್ ಆಗುವ ಡಿಸೈನುಗಳ ಲಭ್ಯ ಸಂಖ್ಯೆ ಇಳಿಸಿ. ಬಂದ ಆರ್ಡರನ್ನು ರದ್ದು ಮಾಡುವುದಕ್ಕಿಂತ ಬರುವುದನ್ನು ತಡೆಯುವುದು ಖಾತೆಗೆ ಒಳ್ಳೆಯದು. ಆರ್ಡರ್ 100 ಕೂಡ ದಾಟದಿದ್ದರೆ ಗಾಬರಿಯಲ್ಲಿ ₹649ಕ್ಕೆ ಇಳಿಯಬೇಡಿ. ಕಮಿಷನ್ ಇಳಿಯದಿದ್ದರೆ ಆ ಬೆಲೆಯಲ್ಲಿ ಪ್ರತಿ ಹೊಸ ಆರ್ಡರೂ ₹8 ನಷ್ಟ ತರುತ್ತದೆ.

ಲೆಕ್ಕವನ್ನು ಕೊನೆಯಿಂದ ಮೊದಲಿಗೆ ಹಾಕುವುದೇ ಸರಿಯಾದ ದಾರಿ. ಮೊದಲ ದಿನ ಎಷ್ಟು ಪೊಟ್ಟಣ ಕಳಿಸಬಲ್ಲಿರೆಂದು ಅಳೆದು ನಾಲ್ಕರಿಂದ ಗುಣಿಸಿದರೆ ನಿಮ್ಮ ಸೇಲ್‌ನ ಒಟ್ಟು ಅಳವು ಸಿಗುತ್ತದೆ. ಅಷ್ಟು ಮಾರಿದರೆ ಗಿಟ್ಟುವ ಬೆಲೆಯೇ ನಿಮ್ಮ ರಿಯಾಯಿತಿಯ ಕೊನೆಯ ಗಡಿ. ಅಷ್ಟಕ್ಕೆ ಬೇಕಾದ ಮಾಲನ್ನಷ್ಟೇ ತರಿಸಿ. ಈ ಮಾರಾಟಗಾರರ ಮಟ್ಟಿಗೆ ತೀರ್ಪು ಇಷ್ಟು: ₹699ರ ಬೆಲೆ, 1,200 ಹೊಸ ಪೀಸು, 700 ಮುಂಚಿತ ಪೊಟ್ಟಣ, ಮೊದಲೆರಡು ದಿನಕ್ಕೆ ಮೂರನೆಯ ಕೈ. ₹649ರ ಬೆಲೆಗೆ ಒಪ್ಪಬಾರದು.